ತೊಂಬತ್ತಾರು ಪಾಲು ಖರೆ ಎಂಬ ಸುಳ್ಳು

"ಪಿ ವ್ಯಾಲ್ಯೂ 0.04 ಬಂದದ ಅಂದ್ರ, ಈ ಗೊಬ್ಬರ ಕೆಲಸ ಮಾಡ್ತದ ಅನ್ನೂದು ನೂರಕ್ಕ ತೊಂಬತ್ತಾರು ಪಾಲು ಖರೆ, ಹೌದಿಲ್ಲೋ?" ಥೀಸಿಸ್ ವೈವಾದಲ್ಲಿ ಪರೀಕ್ಷಕರು ಹೀಗೆ ಕೇಳುತ್ತಾರೆ. ವಿದ್ಯಾರ್ಥಿ "ಹೌದ್ರಿ ಸರ್" ಎಂದು ಪಾರಾಗುತ್ತಾನೆ. ಸರಿಯುತ್ತರ "ಅಲ್ಲರಿ ಸರ್". ಅದನ್ನು ಎರಡೇ ಮಾತಿನಲ್ಲಿ ವಿವರಿಸಲು ಬರಬೇಕು, ಕೇಳಿದವರಿಗೆ ಅದನ್ನು ಒಪ್ಪುವ ವ್ಯವಧಾನವೂ ಇರಬೇಕು. ಪಿ ಮೌಲ್ಯ ನಮ್ಮ ನಂಬಿಕೆಯನ್ನು ಅಳೆಯುವುದಿಲ್ಲ. ಒಂದು ಊಹೆಯನ್ನು ಮುಂದಿಟ್ಟುಕೊಂಡು, ಆ ಊಹೆಗೆ ನಮ್ಮ ಅಂಕಿಗಳು ಎಷ್ಟು ಅಪರಿಚಿತ ಎಂದಷ್ಟೇ ಹೇಳುತ್ತದೆ.

ಲೆಕ್ಕಕ್ಕೆಂದು ಗಂಗಾವತಿ ಕಡೆಯ ಭತ್ತದ ಗದ್ದೆಗಳನ್ನೇ ಇಟ್ಟುಕೊಳ್ಳೋಣ. ಅಂಕಿಗಳು ನನ್ನ ಕಲ್ಪನೆಯವು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಉಣ್ಣುವ 16 ರೈತರ ಗದ್ದೆಗಳು. ಪ್ರತಿ ಗದ್ದೆಯಲ್ಲೂ ಪಕ್ಕಪಕ್ಕದ ಎರಡು ಮಡಿ. ಯಾವುದಕ್ಕೆ ಜಿಂಕ್ ಸಲ್ಫೇಟ್ ಹಾಕಬೇಕು, ಯಾವುದನ್ನು ಹಾಗೇ ಬಿಡಬೇಕು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಲಾಗಿದೆ. ಕೊಯ್ಲಾದ ಮೇಲೆ ಜಿಂಕ್ ಹಾಕಿದ ಮಡಿಗಳಲ್ಲಿ ಎಕರೆಗೆ ಸರಾಸರಿ 1.5 ಕ್ವಿಂಟಲ್ ಹೆಚ್ಚು, ಅಂದರೆ 75 ಕಿಲೋದ ಎರಡು ಚೀಲ. ಎಲ್ಲರಿಗೂ ಎರಡೇ ಚೀಲ ಹೆಚ್ಚು ಬಂದಿಲ್ಲ. ಒಬ್ಬರಿಗೆ ಐದು ಚೀಲ ಹೆಚ್ಚಾದರೆ ಇನ್ನೊಬ್ಬರಿಗೆ ಒಂದು ಚೀಲ ಕಡಿಮೆಯೇ ಆಗಿದೆ. ಈ ಏರುಪೇರಿನ ಅಳತೆ, ಅಂದರೆ ವ್ಯತ್ಯಾಸಗಳ ಮಾನಕ ವಿಚಲನೆ, 2.6 ಕ್ವಿಂಟಲ್. ಅದನ್ನು 16ರ ವರ್ಗಮೂಲವಾದ 4ರಿಂದ ಭಾಗಿಸಿದರೆ ಸರಾಸರಿಯ ಮಾನಕ ದೋಷ 0.65. ಒಂದೂವರೆಯನ್ನು 0.65ರಿಂದ ಭಾಗಿಸಿದರೆ ಟಿ ಮೌಲ್ಯ 2.3. ಸ್ವಾತಂತ್ರ್ಯಾಂಕ 15. ಪಿ ಸುಮಾರು 0.04.

ಈ 0.04ರ ಅರ್ಥ ಇಷ್ಟು. ಜಿಂಕಿನಿಂದ ಏನೂ ಆಗುವುದೇ ಇಲ್ಲ ಎಂದಿಟ್ಟುಕೊಳ್ಳಿ, ಲೆಕ್ಕದ ಉಳಿದ ಷರತ್ತುಗಳೂ ಸರಿಯಿವೆ ಎಂದುಕೊಳ್ಳಿ. ಆಗಲೂ ಮಡಿಗಳ ಮಣ್ಣು, ನೀರು, ಹುಳುವಿನ ಏರುಪೇರಿನಿಂದಲೇ, ಹೆಚ್ಚಿನ ಕಡೆಗೋ ಕಡಿಮೆಯ ಕಡೆಗೋ, ಇಷ್ಟು ಅಥವಾ ಇದಕ್ಕೂ ದೊಡ್ಡ ವ್ಯತ್ಯಾಸ ನೂರು ಇಂಥ ಪ್ರಯೋಗಗಳಲ್ಲಿ ಸುಮಾರು ನಾಲ್ಕರಲ್ಲಿ ಕಾಣಿಸೀತು. "ಏನೂ ಆಗುವುದಿಲ್ಲ ಎಂದಿಟ್ಟುಕೊಂಡರೆ" ಎಂಬ ಮಾತೇ ವಾಕ್ಯದ ಜೀವ. ಆ ಊಹೆಯನ್ನು ನಿಜವೆಂದು ಹಿಡಿದೇ ಮಾಡಿದ ಲೆಕ್ಕ, ಅದೇ ಊಹೆ ಸುಳ್ಳಾಗಿರುವ ಸಂಭವವನ್ನು ಹೇಗೆ ಕೊಟ್ಟೀತು?

ಪರೀಕ್ಷಕರಿಗೆ ಇದು ಮಾತಿನ ಚಮತ್ಕಾರ ಎನಿಸಿದರೆ ಇನ್ನೊಂದು ಲೆಕ್ಕ ಮುಂದಿಡಬಹುದು. ಮಾರುಕಟ್ಟೆಗೆ ಬಂದ ನೂರು ಬಗೆಯ ಗೊಬ್ಬರ, ಟಾನಿಕ್‌ಗಳನ್ನು ಹೀಗೇ ಪರೀಕ್ಷಿಸಿದ್ದೇವೆ, ಅವುಗಳಲ್ಲಿ ನಿಜಕ್ಕೂ ಕೆಲಸ ಮಾಡುವವು ಹತ್ತು ಎನ್ನೋಣ. ಪ್ರಯೋಗ ಚೆನ್ನಾಗಿದ್ದು ಆ ಹತ್ತರಲ್ಲಿ ಎಂಟನ್ನು ಹಿಡಿದೀತು. ಉಳಿದ ತೊಂಬತ್ತರಲ್ಲೂ ನೂರಕ್ಕೆ ಐದರಂತೆ ನಾಲ್ಕೈದು ಆಕಸ್ಮಿಕವಾಗಿ 0.05ರ ಗೆರೆ ದಾಟುತ್ತವೆ. ಹೀಗೆ "ಸಿಗ್ನಿಫಿಕೆಂಟ್" ಎನಿಸಿಕೊಂಡ ಹನ್ನೆರಡು ಹದಿಮೂರರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಬರೀ ಗಾಳಿ. ತೊಂಬತ್ತಾರು ಪಾಲು ಖರೆ ಎಲ್ಲಿ ಉಳಿಯಿತು? ಹತ್ತರ ಬದಲು ಐವತ್ತು ಕೆಲಸ ಮಾಡುವಂಥವಿದ್ದರೆ ಉತ್ತರ ಪೂರ್ತಿ ಬೇರೆ. ಆ ಹತ್ತು ಅಥವಾ ಐವತ್ತು ಪ್ರಯೋಗದ ಹೊರಗಿನ ತಿಳಿವಳಿಕೆ. ಪಿ ಮೌಲ್ಯದೊಳಗೆ ಅದು ಇಲ್ಲ.

ಇನ್ನು ವಿಶ್ವಾಸಾಂತರ. ಸ್ವಾತಂತ್ರ್ಯಾಂಕ 15ಕ್ಕೆ ಕೋಷ್ಟಕದ ಅಂಕಿ 2.13. ಅದನ್ನು 0.65ಕ್ಕೆ ಗುಣಿಸಿದರೆ ಸುಮಾರು 1.4. ಹಾಗಾಗಿ ಶೇಕಡಾ 95ರ ಅಂತರ 0.1ರಿಂದ 2.9 ಕ್ವಿಂಟಲ್‌ವರೆಗೆ. ಪಿ ಮೌಲ್ಯಕ್ಕಿಂತ ಇದು ನೂರು ಪಾಲು ಮೇಲು, ಏಕೆಂದರೆ ಇದು ರೈತನ ಭಾಷೆಯಲ್ಲಿದೆ. ಜಿಂಕಿನ ಲಾಭ ಎಕರೆಗೆ ಹತ್ತೇ ಕಿಲೋ ಇರಬಹುದು, ಹೆಚ್ಚುಕಡಿಮೆ ನಾಲ್ಕು ಚೀಲವೂ ಇರಬಹುದು, ಎರಡಕ್ಕೂ ನಮ್ಮ ಅಂಕಿಗಳ ತಕರಾರಿಲ್ಲ. ಹತ್ತು ಕಿಲೋ ಭತ್ತದಲ್ಲಿ ಗೊಬ್ಬರದ ದುಡ್ಡೂ ಆಳಿನ ಕೂಲಿಯೂ ಹುಟ್ಟಲಾರವು. ಸಿಗ್ನಿಫಿಕೆಂಟ್ ಎಂಬ ಮುದ್ರೆ ಈ ಸಂಗತಿಯನ್ನು ಮುಚ್ಚಿಬಿಡುತ್ತದೆ.

ಇದನ್ನು ತಪ್ಪಾಗಿ ಓದುವವರೂ ಕಡಿಮೆಯಿಲ್ಲ. ನೂರರಲ್ಲಿ 95 ರೈತರಿಗೆ 0.1ರಿಂದ 2.9 ಕ್ವಿಂಟಲ್ ಹೆಚ್ಚು ಸಿಗುತ್ತದೆ ಎನ್ನುವುದು ಶುದ್ಧ ತಪ್ಪು. ಅಂತರ ಇರುವುದು ಸರಾಸರಿಗೆ. ಮುಂದಿನ ಒಬ್ಬ ರೈತನ ಎರಡು ಮಡಿಗಳ ವ್ಯತ್ಯಾಸ ನಾಲ್ಕು ಕ್ವಿಂಟಲ್ ನಷ್ಟದಿಂದ ಏಳು ಕ್ವಿಂಟಲ್ ಲಾಭದವರೆಗೆ ಎಲ್ಲಿಯಾದರೂ ಬಿದ್ದೀತು.

ಇನ್ನೊಂದು ಓದು ಅಷ್ಟು ಹಗುರಾದುದಲ್ಲ. "ನಿಜವಾದ ಸರಾಸರಿ ಈ ಅಂತರದೊಳಗೆ ಇರುವ ಸಂಭವ ಶೇಕಡಾ 95 ಎಂದರೆ ಏನು ಗಂಟು ಹೋಯಿತು?" ಎಂದು ಬಲ್ಲ ಪರೀಕ್ಷಕರೇ ಕೇಳುತ್ತಾರೆ. 1937ರಲ್ಲಿ ಈ ಸಿದ್ಧಾಂತವನ್ನು ವಿವರವಾಗಿ ಕಟ್ಟಿದ ಜೆರ್ಜಿ ನೇಮನ್ ಆ 95ನ್ನು ವಿಧಾನಕ್ಕೆ ಕೊಟ್ಟರು. ಇದೇ ವಿಧಾನವನ್ನು ಮತ್ತೆಮತ್ತೆ ಬಳಸಿದರೆ ನೂರಕ್ಕೆ 95 ಸಲ ಅಂತರವು ನಿಜವಾದ ಸರಾಸರಿಯನ್ನು ಹಿಡಿಯುತ್ತದೆ. ಈ ಒಂದು ಅಂತರ ಹಿಡಿದಿದೆಯೋ ತಪ್ಪಿದೆಯೋ ಎಂಬುದನ್ನು ವಿಧಾನ ಹೇಳದು. ಆದರೆ ಪರೀಕ್ಷಕರ ಮಾತಿಗೂ ಬಲವಿದೆ: ಮೊದಲಿನ ತಿಳಿವಳಿಕೆ ಏನೇನೂ ಇಲ್ಲ ಎಂದುಕೊಂಡು ಬೇಯ್ಸ್ ವಿಧಾನದಲ್ಲಿ ಲೆಕ್ಕ ಹಾಕಿದರೆ ಇಲ್ಲಿ ಅವೇ ಅಂಕಿಗಳು ಬರುತ್ತವೆ. ಹಾಗಿದ್ದರೆ ಹಾಗೆಂದು ಬಾಯಿಬಿಟ್ಟು ಹೇಳಲಿ. ಜಿಂಕಿನ ಬಗ್ಗೆ ಮೊದಲೇ ಸಾಕಷ್ಟು ತಿಳಿದಿರುವಾಗ ಏನೂ ಗೊತ್ತಿಲ್ಲ ಎಂಬ ನಟನೆ ಏಕೆ?

0.05ರ ಗೆರೆಯನ್ನು ಸಮರ್ಥಿಸುವವರನ್ನೂ ನಾನು ಗೌರವಿಸುತ್ತೇನೆ. ಗೆರೆಯೇ ಇಲ್ಲದಿದ್ದರೆ ಪ್ರತಿಯೊಬ್ಬನೂ ತನ್ನ ಟಾನಿಕ್ಕೇ ಗೆದ್ದಿತು ಎನ್ನುತ್ತಾನೆ ಎಂಬುದು ಅವರ ಅನುಭವ. ಆದರೆ ಆ ಗೆರೆಯನ್ನು 1925ರ ತಮ್ಮ ಪುಸ್ತಕದಲ್ಲಿ ಬಳಕೆಗೆ ತಂದ ರೊನಾಲ್ಡ್ ಫಿಶರ್ ಕೂಡ ಅದನ್ನು ಅನುಕೂಲಕ್ಕೆಂದು ಹಿಡಿದವರು. ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿ ಹೊಲದ ಅಂಕಿಗಳ ನಡುವೆಯೇ ಕೆಲಸ ಮಾಡಿದವರು ಅವರು. ಅಮೆರಿಕದ ಸಂಖ್ಯಾಶಾಸ್ತ್ರ ಸಂಘವೂ 2016ರಲ್ಲಿ, ಪಿ ಮೌಲ್ಯ ಗೆರೆ ದಾಟಿತೋ ಇಲ್ಲವೋ ಎಂಬುದೊಂದರ ಮೇಲೆ ತೀರ್ಮಾನ ಮಾಡಬೇಡಿ ಎಂದು ಎಚ್ಚರಿಸಿತು. ಸಾಫ್ಟ್‌ವೇರ್ ನಕ್ಷತ್ರ ಹಾಕಿ ಕೊಟ್ಟಮೇಲೆ ಇದೆಲ್ಲ ಏಕೆ ಎನ್ನುವವರಿಗೆ ವೈವಾ ಏಕೆ ಎಂಬುದೇ ತಿಳಿದಿಲ್ಲ.

ನನಗೆ ನಿಜವಾಗಿ ಸಿಟ್ಟು ಬರುವುದು ಪರೀಕ್ಷಕರು ಕೇಳದೆ ಬಿಡುವ ಪ್ರಶ್ನೆಯ ಮೇಲೆ. ನಮ್ಮ ವಿದ್ಯಾರ್ಥಿ ಪ್ರತಿ ಮಡಿಯಲ್ಲೂ ನಾಲ್ಕು ಕಡೆ ಚೌಕ ಹಾಕಿ ಬೆಳೆ ಕೊಯ್ದು ತೂಗಿದ್ದಾನೆ ಎನ್ನಿ. ಹದಿನಾರು ನಾಲ್ಕಲೆ ಅರವತ್ನಾಲ್ಕು. ಏರುಪೇರು ಅದೇ 2.6 ಇದ್ದರೂ ಈಗ ಭಾಗಿಸುವುದು 8ರಿಂದ. ಮಾನಕ ದೋಷ ಅರ್ಧಕ್ಕಿಳಿಯುತ್ತದೆ, ಟಿ 4.6ಕ್ಕೇರುತ್ತದೆ, ಪಿ 0.0001ಕ್ಕಿಂತ ಕೆಳಗಿಳಿಯುತ್ತದೆ, ಅಂತರ 0.85ರಿಂದ 2.15ಕ್ಕೆ ಬಿಗಿಯಾಗುತ್ತದೆ. ಒಬ್ಬನೇ ಒಬ್ಬ ಹೊಸ ರೈತ ಸೇರಲಿಲ್ಲ. ಒಂದೇ ಮಡಿಯ ನಾಲ್ಕು ಚೌಕಗಳು ಒಂದೇ ಮಣ್ಣು, ಒಂದೇ ನೀರು ಉಂಡವು, ಅವು ನಾಲ್ಕು ಸ್ವತಂತ್ರ ಸಾಕ್ಷಿಗಳಲ್ಲ. ಇದನ್ನು ಹಿಡಿಯಲು ದೊಡ್ಡ ಪಾಂಡಿತ್ಯ ಬೇಡ, ಕೋಷ್ಟಕದಲ್ಲಿ ಸ್ವಾತಂತ್ರ್ಯಾಂಕ ನೋಡಿದರೆ ಸಾಕು. ರೈತರು 16 ಇದ್ದಲ್ಲಿ 15 ಇರಬೇಕು. 63 ಇದ್ದರೆ ಪಿ ಮೌಲ್ಯವೂ ಸುಳ್ಳು, ಅಂತರವೂ ಸುಳ್ಳು.

ಲೆಕ್ಕ ಚೊಕ್ಕವಾಗಿದ್ದರೂ ಅದರ ಹೊರಗೆ ಉಳಿಯುವುದೊಂದಿದೆ. ಕುಷ್ಟಗಿ, ಯಲಬುರ್ಗಾ ಬಹುಪಾಲು ಮಳೆ ನಂಬಿದ ಸೀಮೆ. ಕಾಲುವೆ ನೀರಿನ ಭತ್ತದಲ್ಲಿ ಸಿಕ್ಕ 0.1ರಿಂದ 2.9 ಅಲ್ಲಿನ ಸಜ್ಜೆಯ ಹೊಲಕ್ಕೆ ಏನನ್ನೂ ಹೇಳುವುದಿಲ್ಲ, ಗಂಗಾವತಿಯಲ್ಲೇ ಮುಂದಿನ ಹಂಗಾಮಿಗೂ ಖಾತರಿ ಕೊಡುವುದಿಲ್ಲ. ಅಂತರದ ಅಗಲದೊಳಗೆ ಇರುವುದು ಈ ಹದಿನಾರು ಗದ್ದೆಗಳ ಆಯ್ಕೆಯ ಏರುಪೇರು ಮಾತ್ರ. ಬೇರೆ ನೆಲ, ಬೇರೆ ವರ್ಷದ ಅನಿಶ್ಚಿತತೆ ಅದರೊಳಗೆ ಇಲ್ಲವೇ ಇಲ್ಲ.

ಆದ್ದರಿಂದ ವಿದ್ಯಾರ್ಥಿಯ ಉತ್ತರ ಹೀಗಿರಲಿ: "ಸರ್, ಸರಾಸರಿ ಹೆಚ್ಚಳ ಒಂದೂವರೆ ಕ್ವಿಂಟಲ್, ಅಂತರ 0.1ರಿಂದ 2.9. ಜಿಂಕಿನಿಂದ ಏನೂ ಆಗೂದಿಲ್ಲ ಅಂತ ಇಟ್ಟುಕೊಂಡ್ರ ಇಷ್ಟು ವ್ಯತ್ಯಾಸ ಅಪರೂಪ. ಖರ್ಚು ಹುಟ್ಟತೈತಿ ಅಂತ ಹೇಳಾಕ ಈ ಹದಿನಾರು ಗದ್ದೆ ಸಾಲೂದಿಲ್ಲ." ಇಷ್ಟು ಹೇಳಿದವನಿಗೆ ಅಂಕ ಕಡಿಯುವ ಪರೀಕ್ಷಕರು ಸಂಖ್ಯಾಶಾಸ್ತ್ರದ ಹೆಸರಿನಲ್ಲಿ ಸುಳ್ಳು ಧೈರ್ಯಕ್ಕೆ ಬಹುಮಾನ ಕೊಡುತ್ತಿದ್ದಾರೆ.