ಊಟದ ನಂತರದ ಠರಾವಿಗೆ ಕೋರಂ ಇತ್ತೇ?



2020ರಲ್ಲಿ ಕೇಂದ್ರ ಸರ್ಕಾರ ಹತ್ತು ಸಾವಿರ ರೈತ ಉತ್ಪಾದಕ ಸಂಸ್ಥೆಗಳ ಯೋಜನೆ ಹಾಕಿಕೊಂಡ ಮೇಲೆ ನಮ್ಮ ಹಳ್ಳಿಗಳಲ್ಲೂ ಇಂಥ ಕಂಪನಿಗಳು ಹುಟ್ಟಿವೆ. ನಿಮ್ಮಲ್ಲಿ ಅನೇಕರು ಅವುಗಳ ಷೇರುದಾರರು. ವಾರ್ಷಿಕ ಮಹಾಸಭೆಗೆ ಹೋಗಿ ಸಹಿ ಹಾಕಿ, ಊಟ ಮುಗಿಸಿ, ಹಾಲು ಕರೆಯುವ ಹೊತ್ತಾಯಿತೆಂದು ಎದ್ದು ಬಂದವರೂ ಇದ್ದೀರಿ. ಹಾಗೆ ಎದ್ದು ಬಂದ ಮೇಲೆ ಸಭೆಯ ಗತಿ ಏನಾಗುತ್ತದೆ ನೋಡೋಣ.

ಕಂಪನಿ ಕಾಯ್ದೆಯ ಪ್ರಕಾರ, ನಿಯಮಾವಳಿಯಲ್ಲಿ ಹೆಚ್ಚು ಹೇಳಿಲ್ಲದಿದ್ದರೆ, ಉತ್ಪಾದಕ ಕಂಪನಿಯ ಮಹಾಸಭೆಗೆ ಒಟ್ಟು ಸದಸ್ಯರ ನಾಲ್ಕನೇ ಒಂದು ಭಾಗ ಕೋರಂ. ಕಂಪನಿ ಸಭೆಗಳಿಗೆ ನಿಗದಿಯಾದ ಕಾರ್ಯದರ್ಶಿ ಮಾನದಂಡದಂತೆ ಈ ಕೋರಂ ಸಭೆ ಶುರುವಾಗುವಾಗ ಇದ್ದರೆ ಸಾಲದು, ಕಲಾಪ ನಡೆಯುವ ಉದ್ದಕ್ಕೂ ಇರಬೇಕು.

600 ಸದಸ್ಯರ ಕಂಪನಿಯೊಂದನ್ನು ಊಹಿಸಿಕೊಳ್ಳಿ. ಕೋರಂ 150. ಸಭೆಗೆ ಕೊಟ್ಟ ವೇಳೆ ಹತ್ತೂವರೆ. ಆಗ ಇದ್ದವರು 118. ಸುತ್ತಲ ಹಳ್ಳಿಗಳವರು ಬಂದ ಮೇಲೆ, ಹನ್ನೊಂದಕ್ಕೆ ಐದು ನಿಮಿಷ ಇರುವಾಗ 152 ಆದರು. ಅಧ್ಯಕ್ಷರು ಅಲ್ಲಿಯವರೆಗೆ ಕಾದದ್ದು ಸರಿ. ಲೆಕ್ಕಪತ್ರಕ್ಕೆ ಒಪ್ಪಿಗೆ ಕೊಡುವಾಗ 190 ಜನ ಇದ್ದರು. ಆ ಠರಾವಿಗೆ ತೊಂದರೆಯಿಲ್ಲ. ಊಟವಾಯಿತು, ಮೂರು ಗಂಟೆಯ ಬಸ್ಸೂ ಹೋಯಿತು. ಗೋದಾಮಿಗೆ ಸಾಲ ಎತ್ತುವ ವಿಷಯ ಮತಕ್ಕೆ ಬಂದಾಗ ಕುಳಿತಿದ್ದವರು 131. ಅದರಲ್ಲಿ 120 ಜನ ಕೈ ಎತ್ತಿದರು. ಭಾರಿ ಬಹುಮತವೆಂದು ಚಪ್ಪಾಳೆ ಬಿತ್ತು. ಆದರೆ 150 ಇಲ್ಲದ ಸಭೆಯಲ್ಲಿ 120 ಕೈಗಳು ಎಷ್ಟು ಒಗ್ಗಟ್ಟಾಗಿದ್ದರೂ ಠರಾವು ನಿಲ್ಲುವುದು ಕಷ್ಟ. ನಾಳೆ ಯಾರಾದರೂ ತಕರಾರು ತೆಗೆದರೆ ಸಾಲದ ಕಾಗದದ ಬುಡವೇ ಅಲುಗುತ್ತದೆ.

“ಹಾಜರಿ ಪುಸ್ತಕದಲ್ಲಿ 203 ಸಹಿ ಇವೆಯಲ್ಲ ಸ್ವಾಮಿ?” ಎಂದು ಕೇಳುವವರುಂಟು. ಸಹಿ ಹೇಳುವುದು ಯಾರು ಬಂದರೆಂದು, ಯಾರು ಉಳಿದರೆಂದಲ್ಲ. ಬೆಳಿಗ್ಗೆ ಕೊಟ್ಟಿಗೆಯಲ್ಲಿ ಎಣಿಸಿದ ದನಗಳೆಲ್ಲ ಸಂಜೆ ಹಿಂತಿರುಗಿವೆ ಎಂದು ನೀವು ಎಣಿಸದೆ ನಂಬುತ್ತೀರಾ?

ಇನ್ನೊಂದು ಗುಟ್ಟು ಗಮನಿಸಿ. ಸಾಲ ಬೇಡವೆನ್ನುವವನು ಕುಳಿತು ವಿರುದ್ಧ ಮತ ಹಾಕಿದರೂ, ಸುಮ್ಮನೆ ಕುಳಿತರೂ, ಕೋರಂಗೆ ಅವನ ತಲೆ ಲೆಕ್ಕಕ್ಕೆ ಬರುತ್ತದೆ. 158 ಜನ ಇದ್ದಾಗ ಒಂಬತ್ತು ಮಂದಿ ಎದ್ದು ಹೋದರೆ 149 ಉಳಿದು ಮತವೇ ನಿಲ್ಲಬೇಕು. ಸಭೆ ಕೆಡಿಸಬೇಕೆಂದವರಿಗೆ ಇದು ಚೆನ್ನಾಗಿ ಗೊತ್ತು. ಬಸ್ಸಿಗೆ ಓಡುವ ಪಾಪದವರಿಗೆ ಗೊತ್ತಿಲ್ಲ, ಫಲ ಮಾತ್ರ ಒಂದೇ.

ಆದ್ದರಿಂದ ಸಾಲ, ಬೋನಸ್‌ನಂಥ ಭಾರದ ವಿಷಯಗಳನ್ನು ಊಟಕ್ಕೆ ಮೊದಲೇ ಮತಕ್ಕೆ ಹಾಕಿಸಿ. ಬಾಗಿಲಲ್ಲಿ ಒಬ್ಬ ಹುಡುಗನನ್ನು ಕೂರಿಸಿ, ಒಳಗೆ ಬರುವ ಸದಸ್ಯರಿಗೆ ಚೀಟಿ ಕೊಟ್ಟು, ಹೊರಗೆ ಹೋಗುವಾಗ ವಾಪಸು ಪಡೆಯಲಿ. ಪ್ರತಿ ಮತಕ್ಕೆ ಮುಂಚೆ ತಲೆ ಎಣಿಸಿ, ಆ ಸಂಖ್ಯೆಯನ್ನೂ ವೇಳೆಯನ್ನೂ ಆಯಾ ಠರಾವಿನ ಕೆಳಗೆ ನಡವಳಿ ಪುಸ್ತಕದಲ್ಲಿ ಬರೆಸಿ. ಎಣಿಕೆ 150ಕ್ಕೆ ಇಳಿದಿದ್ದರೆ, ಬೀಡಿ ಸೇದಲು ಹೊರಗೆ ನಿಂತವರನ್ನು ಮೊದಲು ಒಳಗೆ ಕರೆಸಿ.