ರೂಮ್ ಹಂಚಿಕೆ ಎಫಿಶಿಯೆಂಟ್, ಸರಿ. ನ್ಯಾಯ?

ಪ್ರತಿ ವರ್ಷ ಈವನ್ ಸೆಮ್ ಮುಗಿಯುವ ಹೊತ್ತಿಗೆ ನಮ್ಮ ಹಾಸ್ಟೆಲ್‌ನಲ್ಲಿ ಒಂದೇ ಮಾತು: ಮುಂದಿನ ವರ್ಷ ಯಾವ ರೂಮ್? ಈ ಸಲ ಅದು ಜಗಳದವರೆಗೂ ಹೋಯಿತು. ಸಿಜಿಪಿಎ ಜಾಸ್ತಿ ಇದ್ದವರು ಮೊದಲು ರೂಮ್ ಆರಿಸಿಕೊಳ್ಳಲಿ, ಉಳಿದದ್ದರಲ್ಲಿ ಮುಂದಿನವರು ಆರಿಸಲಿ ಎಂಬ ಸಲಹೆ ಬಂತು. ಬೇಡ ಅಂದವರಿಗೆ ಸಿಕ್ಕ ಉತ್ತರ ಇದು: "ಗುರು, ಇದು ಪರೇಟೊ ಎಫಿಶಿಯೆಂಟ್. ಎಕನಾಮಿಕ್ಸ್‌ನಲ್ಲೇ ಪ್ರೂವ್ ಆಗಿದೆ. ಇನ್ನೇನು ಬೇಕು?"

ಪ್ರೂವ್ ಆಗಿರೋದು ನಿಜ. ಆದರೆ ಪ್ರೂವ್ ಆಗಿರೋದು ಏನು ಅಂತ ಒಮ್ಮೆ ಕೂತು ನೋಡಿದರೆ, ಆ ವಾದ ನಿಲ್ಲೋದಿಲ್ಲ ಅನ್ನುವುದು ನಮ್ಮ ಅಭಿಪ್ರಾಯ.

ವಿಲ್ಫ್ರೆಡೊ ಪರೇಟೊ ಮೂಲತಃ ನಮ್ಮವನೇ, ಅಂದರೆ ಎಂಜಿನಿಯರ್. ಇಟಲಿಯ ಟ್ಯೂರಿನ್‌ನಲ್ಲಿ ಎಂಜಿನಿಯರಿಂಗ್ ಓದಿ, ರೈಲ್ವೆ ಕಂಪನಿಯಲ್ಲಿ ಕೆಲಸ ಮಾಡಿ, ಆಮೇಲೆ ಅರ್ಥಶಾಸ್ತ್ರಕ್ಕೆ ಬಂದವನು. ನಮಗೆ ಗೊತ್ತಿರುವ 80-20 ಲೆಕ್ಕಕ್ಕೂ ಅವನದೇ ಹೆಸರು, ಆದರೆ ಇಲ್ಲಿ ಅದರ ಮಾತಲ್ಲ. ಪರೇಟೊ ದಕ್ಷತೆ ಅಂದರೆ ಇಷ್ಟೇ: ಒಂದು ಹಂಚಿಕೆಯಲ್ಲಿ ಯಾರಿಗೂ ನಷ್ಟ ಮಾಡದೆ ಒಬ್ಬರಿಗಾದರೂ ಲಾಭ ಮಾಡಿಕೊಡಲು ಸಾಧ್ಯವಿಲ್ಲ ಎಂದಾದರೆ, ಆ ಹಂಚಿಕೆ ದಕ್ಷ. ಸಾಧ್ಯವಿದ್ದೂ ಮಾಡದೆ ಬಿಟ್ಟಿದ್ದರೆ ಎಲ್ಲೋ ಏನೋ ಪೋಲಾಗುತ್ತಿದೆ ಎಂದರ್ಥ.

ಈಗ ಮೂರು ಸಿಂಗಲ್ ರೂಮ್, ಮೂವರು ಹುಡುಗರು ಅಂದುಕೊಳ್ಳಿ. ಮೊದಲನೆಯ ರೂಮ್ ಗ್ರೌಂಡ್ ಫ್ಲೋರ್‌ನಲ್ಲಿ, ಮೆಸ್ ಪಕ್ಕ. ಎರಡನೆಯದು ಮೊದಲ ಮಹಡಿಯಲ್ಲಿ, ಬಾಲ್ಕನಿ ಇದೆ. ಮೂರನೆಯದು ಮೂರನೇ ಮಹಡಿಯ ತುದಿಯಲ್ಲಿ, ನೀರಿನ ಟ್ಯಾಂಕ್ ಕೆಳಗೆ. ಅದು ಎಲ್ಲರಿಗೂ ಕೊನೆಯ ಆಯ್ಕೆ. ಹುಡುಗರಲ್ಲಿ ಒಬ್ಬ ಟಾಪರ್. ಅವನಿಗೆ ಗ್ರೌಂಡ್ ಫ್ಲೋರ್ ಇಷ್ಟ, ಇಲ್ಲದಿದ್ದರೆ ಬಾಲ್ಕನಿ. ಇನ್ನೊಬ್ಬ ಗಿಟಾರ್ ಬಾರಿಸುವವನು. ಅವನಿಗೆ ಮೊದಲು ಬಾಲ್ಕನಿ, ಆಮೇಲೆ ಗ್ರೌಂಡ್ ಫ್ಲೋರ್. ಮೂರನೆಯವನಿಗೆ ಮಂಡಿ ಆಪರೇಷನ್ ಆಗಿದೆ, ಊರುಗೋಲು ಹಿಡಿದು ಓಡಾಡುತ್ತಾನೆ. ಅವನಿಗೆ ಮೊದಲು ಗ್ರೌಂಡ್ ಫ್ಲೋರ್, ಆಮೇಲೆ ಬಾಲ್ಕನಿ. ಸಿಜಿಪಿಎ ಕೂಡ ಇದೇ ಕ್ರಮದಲ್ಲಿದೆ.

ಸಿಜಿಪಿಎ ಪ್ರಕಾರ ಹಂಚಿದರೆ ಟಾಪರ್‌ಗೆ ಗ್ರೌಂಡ್ ಫ್ಲೋರ್, ಗಿಟಾರಿನವನಿಗೆ ಬಾಲ್ಕನಿ. ಊರುಗೋಲಿನವನು ಮೂರನೇ ಮಹಡಿಗೆ. ಇದು ದಕ್ಷವೇ? ಹೌದು, ನೂರಕ್ಕೆ ನೂರು. ಮೂರನೆಯವನನ್ನು ಕೆಳಗಿಳಿಸಬೇಕಾದರೆ ಉಳಿದಿಬ್ಬರಲ್ಲಿ ಒಬ್ಬರು ಕೈಯಲ್ಲಿರುವ ಒಳ್ಳೇ ರೂಮ್ ಬಿಡಬೇಕು. ಅಂದರೆ ಯಾರಿಗಾದರೂ ನಷ್ಟ. ಪರೇಟೊ ಲೆಕ್ಕದಲ್ಲಿ ಈ ಹಂಚಿಕೆಯಲ್ಲಿ ತಪ್ಪೇ ಇಲ್ಲ.

ಈಗ ಸರದಿಯನ್ನು ಉಲ್ಟಾ ಮಾಡಿ. ಊರುಗೋಲಿನವನು ಮೊದಲು, ಆಮೇಲೆ ಗಿಟಾರಿನವನು, ಕೊನೆಗೆ ಟಾಪರ್. ಮೊದಲನೆಯವನಿಗೆ ಗ್ರೌಂಡ್ ಫ್ಲೋರ್, ಎರಡನೆಯವನಿಗೆ ಬಾಲ್ಕನಿ, ಟಾಪರ್ ಮೂರನೇ ಮಹಡಿಗೆ. ಇದೂ ಅಷ್ಟೇ ದಕ್ಷ!

ಇದು ಈ ಮೂವರ ವಿಷಯದಲ್ಲಿ ಮಾತ್ರ ಆಗುವ ಕಾಕತಾಳೀಯವಲ್ಲ. ಮೊದಲು ಆರಿಸುವವನಿಗೆ ತನಗೆ ಅತ್ಯಂತ ಇಷ್ಟವಾದದ್ದೇ ಸಿಗುತ್ತದೆ, ಅವನಿಗೆ ಇನ್ನೂ ಒಳ್ಳೆಯದು ಅಂತ ಏನೂ ಉಳಿದಿಲ್ಲ. ಎರಡನೆಯವನಿಗೆ ಉಳಿದದ್ದರಲ್ಲಿ ಅತ್ಯುತ್ತಮವಾದದ್ದು. ಅದಕ್ಕಿಂತ ಒಳ್ಳೆಯದು ಬೇಕೆಂದರೆ ಮೊದಲನೆಯವನದ್ದನ್ನೇ ಕಿತ್ತುಕೊಳ್ಳಬೇಕು. ಹೀಗೇ ಕೊನೆಯವನ ತನಕ. ಆದ್ದರಿಂದ ಸರದಿ ಯಾವುದೇ ಇರಲಿ, ಫಲಿತಾಂಶ ದಕ್ಷ. ಸಿಜಿಪಿಎ ಸರದಿ ದಕ್ಷ, ಎತ್ತರದ ಸರದಿ ದಕ್ಷ, ಚೀಟಿ ಎತ್ತಿದ ಸರದಿಯೂ ದಕ್ಷ. ಅರ್ಥಶಾಸ್ತ್ರದಲ್ಲಿ ಈ ಪದ್ಧತಿಗೆ 'ಸೀರಿಯಲ್ ಡಿಕ್ಟೇಟರ್‌ಶಿಪ್' ಅಂತಲೇ ಹೆಸರು: ಸರದಿ ಬಂದವನೇ ಆ ಕ್ಷಣಕ್ಕೆ ಸರ್ವಾಧಿಕಾರಿ. ಎಲ್ಲ ಸರದಿಗೂ ಸಮನಾಗಿ ಸಲ್ಲುವ ಗುಣವನ್ನು ತೋರಿಸಿ, ಒಂದು ಸರದಿಯೇ ಸರಿ ಅನ್ನೋದು ಹೇಗೆ?

ಹಾಗಾದರೆ ಪರೇಟೊ ದಕ್ಷತೆ ಕೆಲಸಕ್ಕೆ ಬಾರದ್ದೇ? ಅಲ್ಲ. ಮೂರು ರೂಮ್‌ಗಳನ್ನು ಮೂವರಿಗೆ ಒಟ್ಟು 6 ರೀತಿ ಹಂಚಬಹುದು. ಯಾರನ್ನೂ ಕೇಳದೆ ಯುಎಸ್‌ಎನ್ ಪ್ರಕಾರ ಹಂಚಿದಾಗ ಗಿಟಾರಿನವನಿಗೆ ಗ್ರೌಂಡ್ ಫ್ಲೋರ್, ಊರುಗೋಲಿನವನಿಗೆ ಬಾಲ್ಕನಿ ಬಂತು ಅನ್ನಿ. ಇಬ್ಬರೂ ಅದಲುಬದಲು ಮಾಡಿಕೊಂಡರೆ ಇಬ್ಬರಿಗೂ ಖುಷಿ, ಟಾಪರ್‌ಗೆ ನಷ್ಟವಿಲ್ಲ. ಇಂಥ ಅದಲುಬದಲನ್ನು ತಡೆಯುವ ನಿಯಮ ಬರೀ ದಡ್ಡತನ. ನಮ್ಮ ಉದಾಹರಣೆಯಲ್ಲಿ 6ರಲ್ಲಿ 2 ಹಂಚಿಕೆ ಹೀಗಿವೆ. ಅವನ್ನು ಪರೇಟೊ ಸರಿಯಾಗಿಯೇ ಹೊರಗೆ ಹಾಕುತ್ತಾನೆ. ಉಳಿದ 4ರಲ್ಲಿ ಯಾವುದು ಅಂತ ಕೇಳಿದರೆ ಬಾಯಿ ಬಿಡುವುದಿಲ್ಲ. ಆಪ್ಟಿಮೈಸೇಶನ್ ಓದಿದವರಿಗೆ ಇದು ಹೊಸದಲ್ಲ: ಪರೇಟೊ ಫ್ರಂಟ್ ಮೇಲೆ ಯಾವ ಬಿಂದು ಬೇಕು ಅನ್ನೋದನ್ನು ಫ್ರಂಟ್ ಹೇಳುವುದಿಲ್ಲ, ಡಿಸೈನ್ ಮಾಡುವವರೇ ಹೇಳಬೇಕು.

ಅದು ಬಾಯಿ ಬಿಡದಿರಲು ಕಾರಣವೂ ಇದೆ. ಈ ಲೆಕ್ಕಕ್ಕೆ ಗೊತ್ತಿರುವುದು ಯಾರಿಗೆ ಯಾವುದು ಮೊದಲು, ಯಾವುದು ಆಮೇಲೆ ಅನ್ನುವ ಕ್ರಮ ಮಾತ್ರ. ಟಾಪರ್‌ಗೆ ಗ್ರೌಂಡ್ ಫ್ಲೋರ್ ತಪ್ಪಿದರೆ ಮೆಸ್ ಸ್ವಲ್ಪ ದೂರ. ಊರುಗೋಲಿನವನಿಗೆ ತಪ್ಪಿದರೆ ದಿನಕ್ಕೆ ನಾಲ್ಕೈದು ಸಲ ಮೂರು ಮಹಡಿ ಹತ್ತಿಳಿಯಬೇಕು. ಪರೇಟೊ ಲೆಕ್ಕದಲ್ಲಿ ಎರಡೂ ಒಂದೇ: 'ಒಬ್ಬರಿಗೆ ನಷ್ಟ'.

ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. "ಬದಲಾವಣೆ ಮಾಡಿ, ಆದರೆ ಯಾರಿಗೂ ತೊಂದರೆ ಆಗಬಾರದು" ಎಂಬ ಮಾತು ಕೇಳೋಕೆ ಎಷ್ಟು ಚೆನ್ನ! ಆದರೆ ಒಂದು ದಕ್ಷ ಹಂಚಿಕೆಯಿಂದ ನಿಜವಾಗಿ ಬೇರೆಯಾದ ಇನ್ನೊಂದಕ್ಕೆ ಹೋಗಬೇಕಾದರೆ ಯಾರಾದರೂ ಒಬ್ಬರು ಬಿಟ್ಟುಕೊಡಲೇಬೇಕು. ಆದ್ದರಿಂದ ಈ ಷರತ್ತು ಹಾಕಿದ ಕ್ಷಣವೇ ಈಗ ಒಳ್ಳೇ ರೂಮ್ ಹಿಡಿದು ಕೂತವನಿಗೆ ವೀಟೊ ಕೊಟ್ಟಂತೆ. ಅದು ತಟಸ್ಥ ನಿಯಮವಲ್ಲ, ಇದ್ದದ್ದು ಇದ್ದಂತೇ ಇರಲಿ ಎನ್ನುವ ಪಕ್ಷ.

ನಾವೆಲ್ಲ ಕಾಲೇಜಿಗೆ ಬಂದದ್ದೂ ಇಂಥದೇ ಸರದಿಯಲ್ಲಿ. ಸಿಇಟಿಯಲ್ಲಿ ಆಪ್ಷನ್ ಎಂಟ್ರಿ ಮಾಡಿದೆವು, ರ‍್ಯಾಂಕ್ ಪ್ರಕಾರ ಸೀಟು ಸಿಕ್ಕಿತು. ಆದರೆ ಅಲ್ಲಿ ಮೀಸಲಾತಿ, ಗ್ರಾಮೀಣ ಕೋಟಾ, ಕನ್ನಡ ಮಾಧ್ಯಮ ಕೋಟಾ ಇವೆ. ಸರದಿ ಹೇಗಿರಬೇಕು ಅನ್ನುವ ಪ್ರಶ್ನೆಯನ್ನು ನ್ಯಾಯದ ಪ್ರಶ್ನೆಯಾಗಿಯೇ ಎದುರಿಸಿ, ವಾದ ಮಾಡಿ, ನಿಯಮ ಬರೆದಿದ್ದಾರೆ. ಒಪ್ಪುವವರೂ ಇದ್ದಾರೆ, ಒಪ್ಪದವರೂ ಇದ್ದಾರೆ. ಆದರೆ ಅದನ್ನು ದಕ್ಷತೆಯ ಹೆಸರಲ್ಲಿ ಮುಚ್ಚಿಟ್ಟಿಲ್ಲ.

ಹಾಸ್ಟೆಲ್‌ಗೂ ನಾವು ಕೇಳುವುದು ಅಷ್ಟೇ. ಮೆಟ್ಟಿಲು ಹತ್ತಲು ನಿಜಕ್ಕೂ ಕಷ್ಟವಿರುವವರು ಮೊದಲು ಆರಿಸಲಿ. ಸುಳ್ಳು ಸರ್ಟಿಫಿಕೇಟ್ ತರುವವರು ಇರುತ್ತಾರೆ, ನಿಜ. ಅದಕ್ಕೆ ಕಾಲೇಜಿನ ಡಾಕ್ಟರ್ ನೋಡಿ ಹೇಳಲಿ. ಉಳಿದವರಿಗೆ ಎಲ್ಲರೆದುರೇ ಚೀಟಿ ಎತ್ತೋಣ. ಚೀಟಿಯಲ್ಲಿ ಕೊನೆ ಬಂದವನಿಗೂ ಟ್ಯಾಂಕ್ ಕೆಳಗಿನ ರೂಮೇ ಗತಿ, ಹಾಗಾಗಿ ಮುಂದಿನ ಸಲ ಅವನ ಸರದಿ ಮೊದಲು ಬರಲಿ. ಹಂಚಿಕೆ ಮುಗಿದ ಮೇಲೆ ಒಂದು ವಾರ ಅದಲುಬದಲಿಗೆ ಅವಕಾಶವಿರಲಿ. ಆಗ ದಕ್ಷತೆಯ ಪಾಲು ದಕ್ಷತೆಗೂ ಸಿಗುತ್ತದೆ.

ಇಲ್ಲ, ಚೆನ್ನಾಗಿ ಓದಿದವರಿಗೆ ಬಹುಮಾನ ಬೇಕು ಅನ್ನುವಿರಾ? ಅದೂ ಒಂದು ವಾದವೇ, ಬನ್ನಿ, ಮಾತಾಡೋಣ. ಆದರೆ ಆ ವಾದವನ್ನು ನಿಮ್ಮದೇ ಹೆಸರಲ್ಲಿ ಮಾಡಿ. ಪಾಪ, ಪರೇಟೊ ಹೆಸರು ಹೇಳಬೇಡಿ. ಊರುಗೋಲಿನವನು ಮೂರನೇ ಮಹಡಿಗೆ ಹೋಗಲಿ ಅಂತ ಅವನು ಎಲ್ಲೂ ಹೇಳಿಲ್ಲ.