ಚೀಟಿಯೊಳಗೆ ಏನು ಬರೆದಾರೆ?



ಶಿರಗುಪ್ಪಿಯ ನಮ್ಮ ಅಕ್ಕ ಒಬ್ಬಳು ಹುಬ್ಬಳ್ಳಿಯ ಒಂದು ಮನೆಯಲ್ಲಿ ಆರು ವರ್ಷ ಕಸಾ-ಮುಸುರಿ ಮಾಡಿದಳು. ಆ ಮನೆಯವರಿಗೆ ಬೇರೆ ಊರಿಗೆ ವರ್ಗವಾಯಿತು. ಹೋಗುವಾಗ ಎರಡು ಹಳೇ ಸೀರೆ, ಜತೆಗೆ ಇಂಗ್ಲಿಷಿನಲ್ಲಿ ಬರೆದ ಒಂದು ಚೀಟಿ ಕೊಟ್ಟರು. ಅಕ್ಕ ಅದನ್ನು ಹಿಡಿದು ಮೂರು ಮನೆ ತಿರುಗಿದಳು. ಮೂರೂ ಕಡೆ 'ಹೇಳಿ ಕಳಸ್ತೀವಿ' ಅಂದರು. ಕೊನೆಗೆ ನಮ್ಮ ಕೈಗೆ ಕೊಟ್ಟು, "ತಮ್ಮಾ, ಇದರಾಗ ಏನ್ ಬರದಾರೋ ನೋಡು" ಅಂದಳು.

ನೋಡಿದೆವು. ಒಳ್ಳೆಯ ಹುಡುಗಿ, ಈವರೆಗೆ ಏನೂ ಕದ್ದಿಲ್ಲ. ಇಷ್ಟೇ!

ನಲವತ್ತೈದರ ಹೆಂಗಸು ಇವರಿಗೆ ಹುಡುಗಿ. ಹೆಸರಿಲ್ಲ, ತಾರೀಖಿಲ್ಲ, ಮಾಡಿದ ಕೆಲಸದ ಮಾತಿಲ್ಲ. 'ಈವರೆಗೆ' ಅನ್ನುವ ಒಂದು ಶಬ್ದ ಓದಿದವರ ತಲೆಯಲ್ಲಿ ಅನುಮಾನ ಬಿತ್ತುತ್ತದೆ. ಬ್ರಿಟಿಷ್ ದೊರೆಗಳ ಬಂಗಲೆಯ ಆಯಾಗಳೂ ಅಡುಗೆಯವರೂ ಇಂಥ 'ಚಿಟ್'ಗಳನ್ನು ಹೊತ್ತೇ ಕೆಲಸ ಕೇಳುತ್ತಿದ್ದರು. ದೊರೆಗಳು ಹೋದರು, ಚಿಟ್ ಉಳಿಯಿತು.

ನಾವು ಆ ಮನೆಯವರಿಗೆ ಫೋನು ಮಾಡಿ ಕೇಳಿದೆವು. ಅವರು ಕೆಟ್ಟವರೇನಲ್ಲ, ಯೋಚಿಸಿರಲಿಲ್ಲ ಅಷ್ಟೇ. ಮೊದಲು ಕನ್ನಡದಲ್ಲಿ ಬರೆದೆವು, ಅಕ್ಕನಿಗೆ ಓದಿ ಹೇಳಿದೆವು. ಆಧಾರ್ ಕಾರ್ಡಿನಲ್ಲಿದ್ದ ಹಾಗೆ ಪೂರ್ತಿ ಹೆಸರು. ಯಾವ ತಿಂಗಳಿಂದ ಯಾವ ತಿಂಗಳವರೆಗೆ. ದಿನಕ್ಕೆ ಎಷ್ಟು ತಾಸು, ಏನೇನು ಕೆಲಸ. ಬಿಟ್ಟ ಕಾರಣ: ಮನೆಯವರ ವರ್ಗ. ಇದು ಬೇಕೇ ಬೇಕು. ಇಲ್ಲದಿದ್ದರೆ 'ತೆಗೆದು ಹಾಕಿರಬೇಕು' ಅಂದುಕೊಳ್ಳುತ್ತಾರೆ. 'ಕದ್ದಿಲ್ಲ' ಅನ್ನುವ ಜಾಗದಲ್ಲಿ, 'ನಾವು ಊರಿಗೆ ಹೋದಾಗ ಮನೆಯ ಕೀಲಿ ಇವರ ಬಳಿಯೇ ಇರುತ್ತಿತ್ತು' ಎಂದಾಯಿತು. ಕೆಳಗೆ ಸಹಿ, ತಾರೀಖು, ಫೋನು ನಂಬರು.

ಎರಡನ್ನು ಬೇಕೆಂದೇ ಬಿಟ್ಟೆವು. ಒಂದು ಜಾತಿ, ಕೇರಿ. ಇನ್ನೊಂದು ಹಳೇ ಪಗಾರ. ಅದನ್ನು ಬರೆದರೆ ಹೊಸ ಮನೆಯವರು ಅಲ್ಲಿಂದಲೇ ಚೌಕಾಸಿ ಶುರು ಮಾಡುತ್ತಾರೆ.

ಆಮೇಲೆ ಇಂಗ್ಲಿಷ್ ಪ್ರತಿ. ಕನ್ನಡ ಬಾರದ ಮನೆಗಳಿಗೆ ಅದು ಬೇಕು. ಆದರೆ ಕನ್ನಡದ 'ಇವರು' ಇಂಗ್ಲಿಷಿಗೆ ಹೋದರೆ ಬರೀ 'ಶಿ' ಆಗುತ್ತದೆ, ಮರ್ಯಾದೆ ದಾರಿಯಲ್ಲೇ ಉದುರುತ್ತದೆ. ಅದಕ್ಕೇ ಹೆಸರಿನ ಹಿಂದೆ 'ಶ್ರೀಮತಿ' ಇಟ್ಟೆವು, 'ಸರ್ವೆಂಟ್' ತೆಗೆದು 'ಡೊಮೆಸ್ಟಿಕ್ ವರ್ಕರ್' ಎಂದೆವು. ಎರಡೂ ಹಾಳೆಯ ತಾರೀಖು, ತಾಸು ಬೆರಳಿಟ್ಟು ತಾಳೆ ನೋಡಿದೆವು. ಮನೆಯವರು ಎರಡಕ್ಕೂ ಸಹಿ ಹಾಕಿ ಟಪಾಲಿನಲ್ಲಿ ಕಳಿಸಿದರು. ಅಸಲು ಅಕ್ಕನ ಟ್ರಂಕಿನಲ್ಲಿದೆ. ಕೇಳಿದವರಿಗೆ ಝೆರಾಕ್ಸ್ ಮಾತ್ರ.

2004ರಲ್ಲಿ ಕರ್ನಾಟಕ ಸರ್ಕಾರ ಮನೆಗೆಲಸಕ್ಕೂ ಕನಿಷ್ಠ ಕೂಲಿ ಗೊತ್ತು ಮಾಡಿತು. ಅಂದರೆ ಇದು ಉಪಕಾರವಲ್ಲ, ಕೆಲಸ. ಕೆಲಸವಾದರೆ ಅದಕ್ಕೆ ಸಾಕ್ಷಿಯೂ ಇರಬೇಕು. ನಿಮ್ಮ ಮನೆಯ ಅಕ್ಕ, ಅವ್ವ, ಚಿಗವ್ವ ಕೆಲಸ ಬಿಡುವ ದಿನ ಈ ಚೀಟಿ ಕೇಳಲಿ. ಸೀರೆಗಿಂತ ಮೊದಲು ಕೇಳಲಿ. ತಂದದ್ದನ್ನು ಓದಬಲ್ಲ ನಾವು ಅವರಿಗೆ ಓದಿ ಹೇಳೋಣ.